ಅಸಲು ಹುಟ್ಟುವುದು ಎಲ್ಲಿ? ಕೊಕ್ಕರ್ಣೆಯ ಹಾಳೆ ತಟ್ಟೆಯ ಲೆಕ್ಕದಲ್ಲಿ ಬ್ರೇಕ್ ಈವನ್ ನಕ್ಷೆ

ಸೀತಾ ನದಿಯ ದಡದ ಕೊಕ್ಕರ್ಣೆ, ಬ್ರಹ್ಮಾವರ ತಾಲ್ಲೂಕಿನ ಊರು. ಸುತ್ತಮುತ್ತ ಅಡಿಕೆ ತೋಟಗಳಿವೆ, ತೋಟದಲ್ಲಿ ಹಾಳೆ ಬೀಳುತ್ತದೆ. ಬಿದ್ದ ಹಾಳೆಯನ್ನು ಒಣಗಿಸಿ, ನೀರಿನಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆಯಾಗುತ್ತದೆ. ಒಂದು ಶೆಡ್ಡು, ಒಂದು ಯಂತ್ರ, ಒಬ್ಬ ಕೆಲಸದವರು ಇದ್ದರೆ ಶುರುಮಾಡಬಹುದಾದ ಉದ್ಯಮ ಇದು. ಇಂಥ ಉದ್ಯಮಕ್ಕೆ ಸಾಲ ಕೇಳಲು ಹೋದಾಗ ಬ್ಯಾಂಕಿಗೆ ಕೊಡಬೇಕಾದ ಪ್ರಾಜೆಕ್ಟ್ ರಿಪೋರ್ಟಿನ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಈವನ್ ಎಂಬ ಒಂದು ಲೆಕ್ಕ ಇರುತ್ತದೆ. ಲೆಕ್ಕ ಬರೆಯುವವರು ಬರೆದುಕೊಡುತ್ತಾರೆ, ಮಾಲೀಕರು ಸಹಿ ಹಾಕುತ್ತಾರೆ, ಸಾಲ ಮಂಜೂರಾದ ಮೇಲೆ ಆ ಪುಟವನ್ನು ಯಾರೂ ತೆರೆಯುವುದಿಲ್ಲ. ನನ್ನ ಮಟ್ಟಿಗೆ ಇಡೀ ರಿಪೋರ್ಟಿನಲ್ಲಿ ಮಾಲೀಕರಿಗೆ ದಿನವೂ ಬೇಕಾಗುವ ಪುಟ ಅದೊಂದೇ.

ನಮ್ಮ ಕಡೆ ವ್ಯಾಪಾರ ಸರಿಯಾಗದಿದ್ದರೆ ‘ಅಸಲೇ ಹುಟ್ಲಿಲ್ಲೆ ಮಾರಾಯ್ರೆ’ ಎನ್ನುತ್ತಾರೆ. ಅಸಲು ಹುಟ್ಟುವುದು ಎಂಬುದೇ ಬ್ರೇಕ್ ಈವನ್‌ಗೆ ಇರುವ ಒಳ್ಳೆಯ ಕನ್ನಡ. ಹಾಕಿದ್ದು ವಾಪಸ್ ಬಂದಿದೆ, ಮೇಲೆ ಒಂದು ಪೈಸೆಯೂ ಉಳಿದಿಲ್ಲ ಎನ್ನುವ ಸ್ಥಿತಿ ಅದು. ಎಷ್ಟು ತಟ್ಟೆ ಮಾರಿದಾಗ ಈ ಸ್ಥಿತಿ ಬರುತ್ತದೆ ಎಂಬುದನ್ನು ಗೆರೆಗಳಲ್ಲಿ ತೋರಿಸುವುದೇ ಈ ನಕ್ಷೆ. 1903ರಲ್ಲಿ ಹೆನ್ರಿ ಹೆಸ್ ಎಂಬ ಇಂಜಿನಿಯರ್ ಅಮೆರಿಕದ ಇಂಜಿನಿಯರಿಂಗ್ ಪತ್ರಿಕೆಯೊಂದರಲ್ಲಿ, ಖರ್ಚಿನ ಮತ್ತು ಹುಟ್ಟುವಳಿಯ ಗೆರೆಗಳು ಒಂದನ್ನೊಂದು ದಾಟುವ ಇಂಥ ನಕ್ಷೆಯನ್ನು ಪ್ರಕಟಿಸಿದ. ದೊಡ್ಡ ಕಾರ್ಖಾನೆಗಳಿಗಾಗಿ ಹುಟ್ಟಿದ್ದು ನಿಜ. ಆದರೆ ಅದು ಅತ್ಯಂತ ಸಲೀಸಾಗಿ ಕೂರುವುದು ಒಂದೇ ವಸ್ತು ಮಾಡುವ ಸಣ್ಣ ಶೆಡ್ಡಿಗೆ.

ಮುಂದೆ ಬರುವ ಅಂಕಿಗಳು ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಹಾಳೆಯ ದರ, ಕೂಲಿ, ಬಾಡಿಗೆ ಊರಿಂದೂರಿಗೆ ಬೇರೆ. ನಿಮ್ಮ ಬಿಲ್ಲಿನಲ್ಲಿರುವ ಅಂಕಿಯನ್ನು ಆ ಜಾಗದಲ್ಲಿ ಇಟ್ಟು ಓದಿಕೊಳ್ಳಿ.

ಖರ್ಚನ್ನು ಎರಡು ರಾಶಿ ಮಾಡುವುದು

ಗೆರೆ ಎಳೆಯುವ ಮೊದಲು ಖರ್ಚನ್ನೆಲ್ಲ ಬರೆದು ಎರಡು ರಾಶಿ ಮಾಡಬೇಕು. ತಿಂಗಳಿಡೀ ಒಂದು ತಟ್ಟೆಯನ್ನೂ ಒತ್ತದಿದ್ದರೂ ಕೊಡಲೇಬೇಕಾದ್ದು ಒಂದು ರಾಶಿ. ಇದು ಸ್ಥಿರ ಖರ್ಚು. ತಟ್ಟೆ ಒತ್ತಿದಷ್ಟೂ ಏರುವುದು ಇನ್ನೊಂದು ರಾಶಿ. ಇದು ಬದಲಾಗುವ ಖರ್ಚು. ಯಾವುದು ಎಲ್ಲಿಗೆ ಎಂಬ ಅನುಮಾನ ಬಂದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಾಳೆಯಿಂದ ಒಂದು ವಾರ ಶೆಡ್ಡಿಗೆ ಬೀಗ ಹಾಕಿದರೆ ಈ ಖರ್ಚು ನಿಲ್ಲುತ್ತದೆಯೇ?

ನಮ್ಮ ಶೆಡ್ಡಿನ ಬಾಡಿಗೆ ತಿಂಗಳಿಗೆ 4,000 ರೂಪಾಯಿ. ಸಾಲದ ಬಡ್ಡಿ 2,500. ಯಂತ್ರದ ಸವಕಳಿ 4,000, ಅಂದರೆ 2,40,000 ರೂಪಾಯಿಯ ಯಂತ್ರ ಐದು ವರ್ಷ ಬಾಳುತ್ತದೆ ಎಂದು ಹಿಡಿದು ತಿಂಗಳಿಗೆ ಹಂಚಿದ್ದು. ಫೋನು, ಲೆಕ್ಕ ಬರೆಯುವವರು, ಚಿಲ್ಲರೆ ಖರ್ಚು ಸೇರಿ 1,000. ಇನ್ನು ವಿದ್ಯುತ್ತಿನದು. ಮೆಸ್ಕಾಂ ಬಿಲ್ಲನ್ನು ಬಿಡಿಸಿ ನೋಡಿದರೆ ಅದರಲ್ಲೇ ಎರಡೂ ರಾಶಿ ಇವೆ. ಸಂಪರ್ಕದ ಸಾಮರ್ಥ್ಯಕ್ಕೆ ತಕ್ಕ ನಿಗದಿತ ಶುಲ್ಕ ಒಂದು ಸಾಲಿನಲ್ಲಿದೆ, ಉರಿಸಿದ ಯೂನಿಟ್ಟಿನ ಶುಲ್ಕ ಇನ್ನೊಂದು ಸಾಲಿನಲ್ಲಿದೆ. ನಿಗದಿತ ಶುಲ್ಕ 1,500 ಎಂದು ಹಿಡಿದು ಮೊದಲ ರಾಶಿಗೆ ಹಾಕೋಣ. ಯೂನಿಟ್ಟಿನದು ಎರಡನೆಯದಕ್ಕೆ ಹೋಗುತ್ತದೆ.

ಕೊನೆಯದಾಗಿ ಮಾಲೀಕರ ಸಂಬಳ 15,000. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ‘ನಾನು ನನ್ನ ಅಂಗಡಿಯಲ್ಲಿ ದುಡಿಯುವುದಕ್ಕೆ ಸಂಬಳ ಯಾಕೆ?’ ಎಂದು ಬಿಟ್ಟುಬಿಡುತ್ತಾರೆ. ಆಗ ನಕ್ಷೆಯಲ್ಲಿ ಅಸಲು ಬಹಳ ಬೇಗ ಹುಟ್ಟುತ್ತದೆ, ಮನೆಯ ಅಕ್ಕಿ ಬೇಳೆಗೆ, ಮಕ್ಕಳ ಫೀಸಿಗೆ ಮಾತ್ರ ಅಸಲೇ ಕರಗುತ್ತಿರುತ್ತದೆ. ಇದೇ ಕೆಲಸಕ್ಕೆ ಬೇರೆಯವರನ್ನು ಇಟ್ಟರೆ ಎಷ್ಟು ಕೊಡುತ್ತಿದ್ದಿರೋ ಅಷ್ಟನ್ನು ಬರೆಯಲೇಬೇಕು. ಎಲ್ಲ ಸೇರಿ ಸ್ಥಿರ ಖರ್ಚು ತಿಂಗಳಿಗೆ 28,000 ರೂಪಾಯಿ.

ಈಗ ಒಂದು ತಟ್ಟೆಯ ಖರ್ಚು. ನೂರು ಹಾಳೆಗೆ 95 ರೂಪಾಯಿ ಕೊಟ್ಟು ತಂದಿರಿ ಎನ್ನಿ. ಅದರಲ್ಲಿ ಐದು ಬಿರುಕು ಬಿಟ್ಟವು, ಬೂಸ್ಟು ಹಿಡಿದವು, ಒತ್ತುವಾಗ ಹರಿದವು. ಉಳಿದ 95 ತಟ್ಟೆಗೆ 95 ರೂಪಾಯಿ ಎಂದರೆ ತಟ್ಟೆಗೆ ಒಂದು ರೂಪಾಯಿ. ಹಾಳೆಯ ದರವನ್ನು ತಂದ ಹಾಳೆಗೆ ಭಾಗಿಸದೆ ಮಾರಾಟಕ್ಕೆ ಯೋಗ್ಯವಾದ ತಟ್ಟೆಗೆ ಭಾಗಿಸಬೇಕು. ಒತ್ತುವವರ ಕೂಲಿ ತಟ್ಟೆಗೆ 60 ಪೈಸೆ, ವಿದ್ಯುತ್ತು 25 ಪೈಸೆ, ಕಟ್ಟುವುದಕ್ಕೂ ಸಾಗಿಸುವುದಕ್ಕೂ 25 ಪೈಸೆ. ಒಟ್ಟು 2 ರೂಪಾಯಿ 10 ಪೈಸೆ. ಮಾರುವ ದರ 3 ರೂಪಾಯಿ 50 ಪೈಸೆ.

ಮೂರು ಗೆರೆ

ಗ್ರಾಫ್ ಪೇಪರಿನಲ್ಲಿ ಅಡ್ಡಕ್ಕೆ ತಟ್ಟೆಗಳ ಸಂಖ್ಯೆ, ನೆಟ್ಟಗೆ ರೂಪಾಯಿ. ಐದು ಅಚ್ಚಿನ ನಮ್ಮ ಯಂತ್ರ ದಿನಕ್ಕೆ 1,000 ತಟ್ಟೆ ಒತ್ತುತ್ತದೆ, ತಿಂಗಳಿಗೆ 26 ದಿನ ಕೆಲಸ. ಆದ್ದರಿಂದ ಅಡ್ಡಗೆರೆ 26,000ಕ್ಕೆ ನಿಲ್ಲಬೇಕು. ಅದರಾಚೆಗೆ ಗೆರೆ ಎಳೆದರೆ ಇಲ್ಲದ ಯಂತ್ರ ಒತ್ತಿದ ತಟ್ಟೆಯ ಲೆಕ್ಕವಾಗುತ್ತದೆ.

ಮೊದಲ ಗೆರೆ ಸ್ಥಿರ ಖರ್ಚಿನದು. 28,000 ರೂಪಾಯಿಯ ಎತ್ತರದಲ್ಲಿ ಎಡದಿಂದ ಬಲಕ್ಕೆ ಚಪ್ಪಟೆಯಾಗಿ ಹೋಗುತ್ತದೆ.

ಎರಡನೆಯದು ಒಟ್ಟು ಖರ್ಚಿನ ಗೆರೆ. ಇದು ಸೊನ್ನೆಯಿಂದ ಹೊರಡುವುದಿಲ್ಲ, 28,000ದಿಂದ ಹೊರಡುತ್ತದೆ, ಏಕೆಂದರೆ ಒಂದೂ ತಟ್ಟೆ ಮಾಡದ ತಿಂಗಳಲ್ಲೂ ಅಷ್ಟು ಖರ್ಚಾಗಿಯೇ ಇರುತ್ತದೆ. ಬಲತುದಿಯಲ್ಲಿ 26,000 ತಟ್ಟೆಗೆ 54,600 ರೂಪಾಯಿ ಸೇರಿ 82,600 ಆಗುತ್ತದೆ. ಆ ಎರಡು ಚುಕ್ಕಿಯನ್ನು ಸ್ಕೇಲಿಟ್ಟು ಸೇರಿಸಿದರೆ ಸಾಕು.

ಮೂರನೆಯದು ಹುಟ್ಟುವಳಿಯ ಗೆರೆ. ಇದು ಸೊನ್ನೆಯಿಂದಲೇ ಹೊರಡುತ್ತದೆ. ಬಲತುದಿಯಲ್ಲಿ 26,000 ತಟ್ಟೆಗೆ 91,000 ರೂಪಾಯಿ.

ಹುಟ್ಟುವಳಿಯ ಗೆರೆ ಕೆಳಗಿನಿಂದ ಹೊರಟರೂ ಹೆಚ್ಚು ಕಡಿದಾಗಿ ಏರುತ್ತದೆ, ಖರ್ಚಿನ ಗೆರೆ ಮೇಲಿನಿಂದ ಹೊರಟು ನಿಧಾನವಾಗಿ ಏರುತ್ತದೆ. ಅವು ಸಂಧಿಸುವುದು 20,000 ತಟ್ಟೆಯ ಮೇಲೆ, 70,000 ರೂಪಾಯಿಯ ಎತ್ತರದಲ್ಲಿ. ಗ್ರಾಫ್ ಇಲ್ಲದೆಯೂ ಇದನ್ನು ಪರೀಕ್ಷಿಸಬಹುದು. ಪ್ರತಿ ತಟ್ಟೆಯಲ್ಲಿ 3.50ರಿಂದ 2.10 ಕಳೆದರೆ 1 ರೂಪಾಯಿ 40 ಪೈಸೆ ಉಳಿಯುತ್ತದೆ. ಆ ಉಳಿಕೆಯೇ ಬಾಡಿಗೆ, ಬಡ್ಡಿ, ಸಂಬಳ ತೀರಿಸಬೇಕು.

```
28,000 ÷ (3.50 − 2.10) = 20,000
```

ಸಂಧಿಯ ಎಡಕ್ಕೆ ಎರಡು ಗೆರೆಗಳ ನಡುವೆ ಇರುವ ತ್ರಿಕೋನ ನಷ್ಟ, ಬಲಕ್ಕೆ ಇರುವ ತ್ರಿಕೋನ ಲಾಭ. ಯಾವುದೇ ಸಂಖ್ಯೆಯ ಮೇಲೆ ಸ್ಕೇಲನ್ನು ನೆಟ್ಟಗಿಟ್ಟು ಎರಡು ಗೆರೆಗಳ ನಡುವಿನ ಅಂತರ ಅಳೆದರೆ ಆ ತಿಂಗಳ ಲಾಭವೋ ನಷ್ಟವೋ ಸಿಕ್ಕಿತು. 26,000ದಲ್ಲಿ ಅಂತರ 8,400 ರೂಪಾಯಿ.

ಇದನ್ನೇ ಕ್ಯಾಲೆಂಡರಿನ ಮೇಲೆ ಓದಿದರೆ ಮನಸ್ಸಿಗೆ ಬೇಗ ನಾಟುತ್ತದೆ. ದಿನಕ್ಕೆ ಸಾವಿರ ತಟ್ಟೆ ಎಂದರೆ ತಿಂಗಳ ಮೊದಲ 20 ಕೆಲಸದ ದಿನ ಬಾಡಿಗೆ, ಬಡ್ಡಿ, ಸವಕಳಿ, ನಿಮ್ಮ ಸಂಬಳ ಇವಕ್ಕೆ ಹೋಯಿತು. ಉದ್ಯಮಕ್ಕೆಂದು ಉಳಿದದ್ದು ಕೊನೆಯ ಆರು ದಿನ. ಎರಡು ದಿನ ಕರೆಂಟು ಹೋದರೆ ಅದು ಕಡಿತವಾಗುವುದು ಈ ಆರು ದಿನದಿಂದ.

ಗೆರೆಗಳ ನಡುವಿನ ಕೋನ

ಸಂಧಿ ಎಲ್ಲಿದೆ ಎಂದು ನೋಡಿ ನಕ್ಷೆಯನ್ನು ಮಡಚಿಡುವವರೇ ಹೆಚ್ಚು. ನಾನು ಮೊದಲು ನೋಡುವುದು ಎರಡು ಗೆರೆಗಳು ಎಷ್ಟು ಅಗಲವಾಗಿ ತೆರೆದುಕೊಳ್ಳುತ್ತವೆ ಎಂಬುದನ್ನು. ಕತ್ತರಿಯ ಬಾಯಿಯಂತೆ ಅಗಲವಾಗಿ ತೆರೆದಿದ್ದರೆ ದರ ಅಥವಾ ಖರ್ಚು ತುಸು ಅಲ್ಲಾಡಿದರೂ ಸಂಧಿ ಹೆಚ್ಚು ಸರಿಯುವುದಿಲ್ಲ. ಗೆರೆಗಳು ಒಂದಕ್ಕೊಂದು ಒರಗಿಕೊಂಡಂತೆ ಹೋಗುತ್ತಿದ್ದರೆ ಸಣ್ಣ ಬದಲಾವಣೆಗೂ ಸಂಧಿ ಬಹಳ ದೂರ ಜಾರುತ್ತದೆ. ಹಾಳೆ ತಟ್ಟೆಯದು ಎರಡನೆಯ ಜಾತಿ.

ಮದುವೆ ಸೀಸನ್ನಿನಲ್ಲಿ ಅಡುಗೆಯ ಕಾಂಟ್ರಾಕ್ಟ್ ಹಿಡಿಯುವವರೊಬ್ಬರು ಬಂದು ‘ತಿಂಗಳಿಡೀ ನಿಮ್ಮಲ್ಲೇ ತಗೊಳ್ತೇವೆ, 3 ರೂಪಾಯಿ 10 ಪೈಸೆಗೆ ಮಾಡಿಕೊಡಿ’ ಎಂದರು ಎನ್ನೋಣ. ಬಿಡುವುದು ಬರೀ 40 ಪೈಸೆ, ದರದಲ್ಲಿ ನೂರಕ್ಕೆ ಹನ್ನೊಂದರಷ್ಟು. ಒಪ್ಪಿಕೊಳ್ಳುವ ಮೊದಲು ಹುಟ್ಟುವಳಿಯ ಗೆರೆಯನ್ನು ಹೊಸ ದರಕ್ಕೆ ಎಳೆದು ನೋಡಿ. ಬಲತುದಿಯಲ್ಲಿ ಅದು 80,600ಕ್ಕೆ ನಿಲ್ಲುತ್ತದೆ, ಖರ್ಚಿನ ಗೆರೆ 82,600ರಲ್ಲಿದೆ. ಗೆರೆಗಳು ಕಾಗದದ ಮೇಲೆ ಸಂಧಿಸುವುದೇ ಇಲ್ಲ. ತಟ್ಟೆಗೆ ಉಳಿಯುವುದು 1.40ರಿಂದ 1.00ಕ್ಕೆ ಇಳಿದದ್ದರಿಂದ ಅಸಲು ಹುಟ್ಟಲು 28,000 ತಟ್ಟೆ ಬೇಕು, ಯಂತ್ರ ಕೊಡುವುದು 26,000. ತಿಂಗಳಿಡೀ ಒಂದು ದಿನವೂ ಬಿಡದೆ ಒತ್ತಿ, ಒತ್ತಿದ್ದೆಲ್ಲವನ್ನೂ ಮಾರಿ, ಕೊನೆಗೆ 2,000 ರೂಪಾಯಿ ಕೈಬಿಟ್ಟು ಹೋಗುತ್ತದೆ. ದರದಲ್ಲಿ ನೂರಕ್ಕೆ 11 ಬಿಟ್ಟದ್ದು ಸಂಧಿಯನ್ನು ನೂರಕ್ಕೆ 40ರಷ್ಟು ಮುಂದಕ್ಕೆ ತಳ್ಳಿತು.

ಇದಕ್ಕೆ ಹೋಲಿಸಿದರೆ ಚಪ್ಪಟೆ ಗೆರೆಯನ್ನು ಇಳಿಸುವುದರಿಂದ ಸಿಗುವುದು ಕಡಿಮೆ. ಬಾಡಿಗೆಯಲ್ಲಿ 1,400 ರೂಪಾಯಿ ಬಿಡಿಸಿಕೊಂಡರೂ ಸಂಧಿ ಸರಿಯುವುದು ಒಂದು ಸಾವಿರ ತಟ್ಟೆ ಮಾತ್ರ. ಶೆಡ್ಡಿನ ಮಾಲೀಕರ ಬಳಿ ವಾರಗಟ್ಟಲೆ ಚೌಕಾಸಿ ಮಾಡಿ, ಗಿರಾಕಿ ಕೇಳಿದ ತಕ್ಷಣ 40 ಪೈಸೆ ಬಿಟ್ಟುಕೊಡುವವರಿದ್ದಾರೆ. ಅವರ ಶ್ರಮವೆಲ್ಲ ತಪ್ಪು ಗೆರೆಯ ಮೇಲೆ ಖರ್ಚಾಗುತ್ತಿದೆ.

ಹಾಗಾದರೆ 3.10ರ ದರವನ್ನು ಎಂದೂ ಒಪ್ಪಬಾರದೇ? ಒಂದು ಸಂದರ್ಭದಲ್ಲಿ ಒಪ್ಪಬಹುದು. ಈ ತಿಂಗಳು 20,000 ತಟ್ಟೆ ಮಾಮೂಲು ಗಿರಾಕಿಗಳಿಗೆ 3.50ಕ್ಕೆ ಆಗಲೇ ಹೋಗಿದೆ, ಯಂತ್ರ ಖಾಲಿ ಇದೆ, ಹೊಸಬರಿಗೆ 4,000 ತಟ್ಟೆ ಬೇಕು. ಸ್ಥಿರ ಖರ್ಚು ಆಗಲೇ ತೀರಿದೆ. ಆದ್ದರಿಂದ ತಟ್ಟೆಗೆ ಉಳಿಯುವ ಒಂದೊಂದು ರೂಪಾಯಿಯೂ ಲಾಭಕ್ಕೇ ಸೇರಿ 4,000 ರೂಪಾಯಿ ಆಗುತ್ತದೆ. ಅಪಾಯ ಇರುವುದು ಬೇರೆ ಕಡೆ. ಪೇಟೆ ಚಿಕ್ಕದು. ಒಬ್ಬರಿಗೆ 3.10ಕ್ಕೆ ಕೊಟ್ಟದ್ದು ಮುಂದಿನ ತಿಂಗಳೊಳಗೆ ಮಾಮೂಲು ಗಿರಾಕಿಗಳಿಗೆ ಗೊತ್ತಾಗುತ್ತದೆ. ಆಗ ಇಡೀ ಗೆರೆಯೇ ಕೆಳಗೆ ಬಾಗುತ್ತದೆ.

ಖರ್ಚಿನ ಗೆರೆಯೂ ಹೀಗೆಯೇ ಮೇಲಕ್ಕೆ ಬಾಗಬಹುದು. ಹಾಳೆಯ ದರ ತಟ್ಟೆಗೆ 30 ಪೈಸೆ ಏರಿದರೆ ಉಳಿಕೆ 1.10ಕ್ಕೆ ಇಳಿದು ಸಂಧಿ ಸುಮಾರು 25,455ಕ್ಕೆ ಹೋಗುತ್ತದೆ. ಆಗ 26 ದಿನದಲ್ಲಿ ನಿಮ್ಮದೆಂದು ಉಳಿಯುವುದು ಅರ್ಧ ದಿನ.

ಮಳೆಗಾಲದ ನಾಲ್ಕು ತಿಂಗಳು

ಇಲ್ಲಿಯವರೆಗಿನ ನಕ್ಷೆ ಒಂದು ಒಳ್ಳೆಯ ತಿಂಗಳಿನದು. ಕರಾವಳಿಯಲ್ಲಿ ಎಲ್ಲ ತಿಂಗಳೂ ಒಂದೇ ಅಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತೋಟದಲ್ಲಿ ಬಿದ್ದ ಹಾಳೆ ನೆನೆದು ಕಪ್ಪಾಗುತ್ತದೆ, ಅಂಗಳದಲ್ಲಿ ಒಣಗಿಸಲು ಬಿಸಿಲಿಲ್ಲ, ಅರೆಬರೆ ಒಣಗಿದ್ದನ್ನು ಪೇರಿಸಿಟ್ಟರೆ ಬೂಸ್ಟು. ಬೇಸಿಗೆಯಲ್ಲಿ ಒಣಗಿಸಿ ಅಟ್ಟದ ಮೇಲೆ ಇಟ್ಟ ದಾಸ್ತಾನು ಇದ್ದಷ್ಟು ದಿನ ಯಂತ್ರ ಓಡುತ್ತದೆ. ಮದುವೆ, ಸಮಾರಂಭವೂ ಆಗ ಕಡಿಮೆ.

ಆ ನಾಲ್ಕು ತಿಂಗಳು ತಿಂಗಳಿಗೆ 10,000 ತಟ್ಟೆ ಮಾತ್ರ ಆಯಿತು ಎನ್ನಿ. ತಿಂಗಳಿಗೆ 14,000 ರೂಪಾಯಿ ಉಳಿಕೆ ಬರುತ್ತದೆ, ಸ್ಥಿರ ಖರ್ಚು 28,000, ಹಾಗಾಗಿ 14,000 ನಷ್ಟ. ನಾಲ್ಕು ತಿಂಗಳಿಗೆ 56,000. ಉಳಿದ ಎಂಟು ತಿಂಗಳು ಯಂತ್ರ ಪೂರ್ತಿ ಓಡಿ ತಿಂಗಳಿಗೆ 8,400ರಂತೆ 67,200 ಲಾಭ. ವರ್ಷದ ಕೊನೆಗೆ ಉಳಿಯುವುದು 11,200.

ಆದ್ದರಿಂದ ತಿಂಗಳ ನಕ್ಷೆಯ ಪಕ್ಕದಲ್ಲಿ ವರ್ಷದ ನಕ್ಷೆಯೊಂದನ್ನು ಎಳೆದಿಡಬೇಕು. ಸ್ಥಿರ ಖರ್ಚು ವರ್ಷಕ್ಕೆ 3,36,000, ಸಂಧಿ 2,40,000 ತಟ್ಟೆಯ ಮೇಲೆ. ಒಳ್ಳೆಯ ವರ್ಷದಲ್ಲಿ ನಿಮ್ಮ ಕೈಯಿಂದ ಆಗುವುದು 2,48,000. ಸಂಧಿ ದಾಟಿ ನಿಲ್ಲಲು ಇರುವ ಜಾಗ ಎಂಟು ಸಾವಿರ ತಟ್ಟೆ, ಅಂದರೆ ಎಂಟು ದಿನದ ಕೆಲಸ. ಈ ಜಾಗವನ್ನು ಲೆಕ್ಕದವರು ಸುರಕ್ಷತೆಯ ಅಂತರ ಎನ್ನುತ್ತಾರೆ. ತಿಂಗಳ ನಕ್ಷೆಯಲ್ಲಿ ಅದು ಆರು ಸಾವಿರ, 26,000ದಲ್ಲಿ ನೂರಕ್ಕೆ 23 ಎಂದು ಕಂಡಿತ್ತು. ವರ್ಷದ್ದರಲ್ಲಿ ಅದು ನೂರಕ್ಕೆ ಮೂರು. ಎರಡೂ ನಕ್ಷೆ ಒಂದೇ ಶೆಡ್ಡಿನವು. ಏಪ್ರಿಲಿನಲ್ಲಿ ಕೈಯಲ್ಲಿ ಓಡಾಡುವ ಹಣ ಜುಲೈ ತಿಂಗಳಿಗೆ ಸೇರಿದ್ದು ಎಂಬುದು ವರ್ಷದ ನಕ್ಷೆಯಲ್ಲಿ ಮಾತ್ರ ಕಾಣುತ್ತದೆ.

ಎರಡನೇ ಯಂತ್ರದ ಮೆಟ್ಟಿಲು

ಬೇಸಿಗೆಯಲ್ಲಿ ಗಿರಾಕಿಗಳನ್ನು ವಾಪಸ್ ಕಳಿಸಬೇಕಾಗಿ ಬಂದಾಗ ಎರಡನೇ ಯಂತ್ರ ಹಾಕುವ ಆಸೆ ಹುಟ್ಟುತ್ತದೆ. ಸ್ಥಿರ ಖರ್ಚಿನ ಗೆರೆ ಚಪ್ಪಟೆ ಎಂದೆವಲ್ಲ, ಅದು 26,000 ತಟ್ಟೆಯವರೆಗೆ ಮಾತ್ರ. ಅದರಾಚೆಗೆ ಒಂದು ಮೆಟ್ಟಿಲು ಹತ್ತುತ್ತದೆ. ಹೊಸ ಬಡ್ಡಿ, ಸವಕಳಿ, ಹೆಚ್ಚಿನ ವಿದ್ಯುತ್ ಸಾಮರ್ಥ್ಯ ಸೇರಿ 7,000 ಎಂದು ಹಿಡಿದರೆ ಗೆರೆ 35,000ಕ್ಕೆ ಏರಿ ಸಂಧಿ 25,000ಕ್ಕೆ ಹೋಗುತ್ತದೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಮೊದಲಿದ್ದ 8,400 ರೂಪಾಯಿ ಲಾಭವನ್ನೇ ಮತ್ತೆ ಮುಟ್ಟಲು ಎಷ್ಟು ತಟ್ಟೆ ಬೇಕು? 35,000ಕ್ಕೆ 8,400 ಸೇರಿಸಿ 1.40ರಿಂದ ಭಾಗಿಸಿದರೆ 31,000. ಇನ್ನೂ ಐದು ಸಾವಿರ ತಟ್ಟೆಗೆ ಗಿರಾಕಿ ಹುಡುಕಿದ ಮೇಲೆ ನೀವು ಹೊರಟಲ್ಲಿಗೇ ಬಂದು ನಿಲ್ಲುತ್ತೀರಿ. ಮಳೆಗಾಲದಲ್ಲಿ ಎರಡೂ ಯಂತ್ರ ಹೆಚ್ಚಿನ ದಿನ ಸುಮ್ಮನೆ ಕೂತಿರುವಾಗ ಆ 7,000 ಪ್ರತಿ ತಿಂಗಳೂ ಬರುತ್ತಲೇ ಇರುತ್ತದೆ.

ಒತ್ತಿದ ತಟ್ಟೆ, ಮಾರಿದ ತಟ್ಟೆ

ನಕ್ಷೆ ಒಂದು ಮಾತನ್ನು ಹೇಳದೆಯೇ ಹಿಡಿದುಕೊಂಡಿರುತ್ತದೆ: ಒತ್ತಿದ್ದೆಲ್ಲ ಮಾರಾಟವಾಯಿತು, ಹಣವೂ ಬಂತು. ಅಡ್ಡಗೆರೆಯ ಮೇಲೆ ಗುರುತು ಹಾಕಬೇಕಾದ್ದು ಮಾರಿದ ತಟ್ಟೆಯನ್ನು. ಗೋಣಿಯಲ್ಲಿ ಕಟ್ಟಿಟ್ಟದ್ದು ಹುಟ್ಟುವಳಿಯ ಗೆರೆಯನ್ನು ಒಂದಿಂಚೂ ಏರಿಸುವುದಿಲ್ಲ. ಸಾಲದ ಮೇಲೆ ಕೊಟ್ಟದ್ದು ನಕ್ಷೆಯಲ್ಲಿ ಸಂಧಿ ದಾಟಿರುತ್ತದೆ, ಕೂಲಿ ಕೊಡಲು ಮಾತ್ರ ಕಿಸೆಯಲ್ಲಿ ಹಣ ಇರುವುದಿಲ್ಲ.

ಇದರ ದೊಡ್ಡ ಪಾಠ ಈ ಉದ್ಯಮಕ್ಕೇ ಸಿಕ್ಕಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯಲ್ಲಿರುವ ಅರೆಕೊಲೈನ್‌ನಂಥ ವಸ್ತುಗಳು ಹಾಳೆಯಿಂದ ಆಹಾರಕ್ಕೆ ಸೇರಬಹುದು ಎಂಬ ಕಾರಣ ಕೊಟ್ಟು, ಹಾಳೆ ತಟ್ಟೆಗಳ ಆಮದನ್ನು ಬಂದರಿನಲ್ಲೇ ತಡೆಯುವ ಎಚ್ಚರಿಕೆ ಹೊರಡಿಸಿತು. ರಫ್ತುದಾರರಿಗೆ ತಟ್ಟೆ ಕೊಡುತ್ತಿದ್ದ ಘಟಕವನ್ನು ನಕ್ಷೆಯ ಮೇಲೆ ನೋಡಿ. ಅದರ ದರ ಬದಲಾಗಿಲ್ಲ, ಖರ್ಚು ಬದಲಾಗಿಲ್ಲ, ಸಂಧಿಯೂ ಇದ್ದಲ್ಲೇ ಇದೆ. ಆದರೆ ಆ ಮಾರುಕಟ್ಟೆಗೆ ಹೋಗುತ್ತಿದ್ದಷ್ಟು ತಟ್ಟೆ ಅಡ್ಡಗೆರೆಯಿಂದ ಒಮ್ಮೆಲೇ ಕಳಚಿತು. ಸುರಕ್ಷತೆಯ ಅಂತರವನ್ನು ಅಳೆಯುವಾಗ, ಅತಿ ದೊಡ್ಡ ಗಿರಾಕಿಯನ್ನು ಅಳಿಸಿ ಇನ್ನೊಮ್ಮೆ ಅಳೆಯಬೇಕು. ಉಳಿದವರ ಖರೀದಿಯಿಂದಲೇ ಸಂಧಿ ದಾಟುತ್ತೀರಾ ಎಂಬುದು ಆಗ ಗೊತ್ತಾಗುತ್ತದೆ.

ಕಂತು ಎಲ್ಲಿ ಹೋಯಿತು?

ಬ್ಯಾಂಕಿಗೆ ಕಟ್ಟುವ ಕಂತು ನಕ್ಷೆಯಲ್ಲಿ ಕಾಣುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. 2,50,000 ರೂಪಾಯಿ ಸಾಲಕ್ಕೆ ವರ್ಷಕ್ಕೆ ಶೇಕಡಾ 12ರಂತೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 5,560 ಬರುತ್ತದೆ. ಮೊದಲ ತಿಂಗಳಲ್ಲಿ ಅದರೊಳಗೆ ಬಡ್ಡಿ 2,500, ಉಳಿದದ್ದು ಅಸಲು. ಅಸಲು ತೀರಿಸುವುದು ಖರ್ಚಲ್ಲ, ಯಂತ್ರ ಸವೆಯುವುದು ಖರ್ಚು. ಅದಕ್ಕೇ ನಾವು ಬಡ್ಡಿಯನ್ನೂ ಸವಕಳಿಯನ್ನೂ ಬರೆದು ಅಸಲನ್ನು ಬಿಟ್ಟೆವು. ಸವಕಳಿಯೆಂದು ಬರೆದ 4,000 ಯಾರಿಗೂ ಕೊಡುವ ಹಣವಲ್ಲ, ಸದ್ಯಕ್ಕೆ ಅದರಿಂದಲೇ ಅಸಲಿನ ಭಾಗ ತೀರುತ್ತದೆ. ಸವಕಳಿ, ಕಂತು ಎರಡನ್ನೂ ಪೂರ್ತಿ ಸೇರಿಸಿದರೆ ಯಂತ್ರದ ಬೆಲೆಯನ್ನು ಎರಡು ಸಲ ಬರೆದಂತಾಗಿ ಸಂಧಿ ಇಲ್ಲದ ದೂರಕ್ಕೆ ಹೋಗುತ್ತದೆ.

ತಿಂಗಳಿಗೊಂದು ಚುಕ್ಕಿ

ಎಳೆದ ಗೆರೆಗಳು ಅಂದಾಜು. ಅವು ಸರಿಯೇ ಎಂದು ತಿಳಿಯಲು ಪ್ರತಿ ತಿಂಗಳ ಕೊನೆಗೆ ನಿಜವಾಗಿ ಮಾರಿದ ತಟ್ಟೆಯ ಮೇಲೆ, ನಿಜವಾಗಿ ಆದ ಒಟ್ಟು ಖರ್ಚಿನ ಎತ್ತರದಲ್ಲಿ, ಪೆನ್ಸಿಲಿನಿಂದ ಒಂದು ಚುಕ್ಕಿ ಇಡಿ. ಒತ್ತಿ ಮಾರದೆ ಉಳಿದ ತಟ್ಟೆ ಹೆಚ್ಚಿದ್ದರೆ ಅದರ ಹಾಳೆ, ಕೂಲಿಯ ಖರ್ಚನ್ನು ಮುಂದಿನ ತಿಂಗಳಿಗೆ ದಾಟಿಸಿ. ಆರು ತಿಂಗಳು ಕಳೆದಾಗ ಚುಕ್ಕಿಗಳೇ ಮಾತಾಡುತ್ತವೆ.

ಚುಕ್ಕಿಗಳು ಖರ್ಚಿನ ಗೆರೆಯ ಹತ್ತಿರ ಅತ್ತಿತ್ತ ಹರಡಿದ್ದರೆ ನಿಮ್ಮ ಅಂದಾಜು ಸರಿ. ಎಲ್ಲ ಚುಕ್ಕಿಗಳೂ ಗೆರೆಗಿಂತ ಮೇಲೆ, ಕಡಿಮೆ ಮಾರಿದ ತಿಂಗಳಲ್ಲೂ ಹೆಚ್ಚು ಮಾರಿದ ತಿಂಗಳಲ್ಲೂ ಒಂದೇ ಅಂತರದಲ್ಲಿದ್ದರೆ ಯಾವುದೋ ಸ್ಥಿರ ಖರ್ಚು ಬಿಟ್ಟುಹೋಗಿದೆ. ವಿಮೆಯೋ, ಪಂಚಾಯತಿನ ಲೈಸೆನ್ಸೋ, ಅಚ್ಚು ರಿಪೇರಿಯೋ ಎಂದು ಹುಡುಕಬೇಕು. ಎಡಕ್ಕೆ ಗೆರೆಯ ಮೇಲೇ ಕೂತ ಚುಕ್ಕಿಗಳು ಬಲಕ್ಕೆ ಹೋದಂತೆ ಗೆರೆಯಿಂದ ಮೇಲೆ ಮೇಲೆ ಹೋಗುತ್ತಿದ್ದರೆ ತಪ್ಪು ಇರುವುದು ತಟ್ಟೆಯ ಖರ್ಚಿನಲ್ಲಿ. ಆಗ ಮೊದಲು ಎಣಿಸಬೇಕಾದ್ದು ಯಂತ್ರದ ಪಕ್ಕದ ಮೂಲೆಯಲ್ಲಿ ಬಿದ್ದಿರುವ ಹರಿದ ತಟ್ಟೆಗಳನ್ನು: ನೂರಕ್ಕೆ ಐದು ಎಂದುಕೊಂಡದ್ದು ಹತ್ತೋ ಹನ್ನೆರಡೋ ಆಗಿರಬಹುದು.